ಬಿಸಿ ಶಾಫ್ಟ್ ಹೇಳಿದ ಸುಳ್ಳು

ಬೆಂಗಳೂರಿನ ಪೀಣ್ಯದಲ್ಲಿ ಯಾವ ಅಡ್ಡರಸ್ತೆಗೆ ಹೊಕ್ಕರೂ ಇಂಥ ಶೆಡ್‌ಗಳು ಸಾಲಾಗಿ ಸಿಗುತ್ತವೆ. ತಗಡಿನ ಮಾಡು, ಎಂಟೋ ಹತ್ತೋ ಸಿಎನ್‌ಸಿ ಲೇತ್‌ಗಳು, ಇಪ್ಪತ್ತು ಇಪ್ಪತ್ತೈದು ಜನ, ಬಾಗಿಲ ಬಳಿ ಉಕ್ಕಿನ ಚೂರು ತುಂಬಿದ ಡ್ರಮ್ಮುಗಳು. ಅಂಥದೊಂದು ಶೆಡ್ಡನ್ನು ಮಾದರಿಯಾಗಿ ಇಟ್ಟುಕೊಂಡು, ಡಿಎಂಎಐಸಿ ಎಂಬ ಐದು ಹಂತದ ಸುಧಾರಣಾ ವಿಧಾನ ನಿಜಕ್ಕೂ ಹೇಗೆ ನಡೆಯುತ್ತದೆ ಎಂದು ಇಲ್ಲಿ ಹೇಳುತ್ತೇನೆ. ಶೆಡ್ಡು ಕಲ್ಪಿತ, ಅದರ ಅಂಕಿಗಳು ಲೆಕ್ಕ ಅರ್ಥವಾಗಲೆಂದು ನಾನೇ ಜೋಡಿಸಿದವು. ಆದರೆ ಅದರ ತೊಂದರೆಯೂ ಆ ತೊಂದರೆಯ ಕಾರಣಗಳೂ ಲೇತ್ ಹಾಕಿಕೊಂಡವರೆಲ್ಲ ಕಂಡಿರುವಂಥವು.

ಈ ಶೆಡ್ಡಿನ ಮುಖ್ಯ ಕೆಲಸ ನೀರೆತ್ತುವ ಪಂಪಿನ ಶಾಫ್ಟ್. ಒಂದು ಶಾಫ್ಟಿಗೆ ಲೇತ್ ಮೇಲೆ ಸುಮಾರು 15 ನಿಮಿಷ ಹಿಡಿಯುತ್ತದೆ. ಎರಡು ಲೇತ್, ಎರಡು ಪಾಳಿ ಸೇರಿ ತಿಂಗಳಿಗೆ 3000. ಅದರಲ್ಲಿ ಬಹಳ ಎಚ್ಚರ ಬೇಕಾದದ್ದು ಬೇರಿಂಗ್ ಕೂರುವ ಜಾಗಕ್ಕೆ. ಡ್ರಾಯಿಂಗ್ ಪ್ರಕಾರ ಅಲ್ಲಿನ ವ್ಯಾಸ 39.975 ಮಿಲಿಮೀಟರಿಗಿಂತ ಕಮ್ಮಿ ಇರಕೂಡದು, 40.000 ದಾಟಕೂಡದು. ಅಂದರೆ ಆಪರೇಟರನಿಗೆ ಸಿಗುವ ಜಾಗ 25 ಮೈಕ್ರಾನ್, ಒಂದು ಮಿಲಿಮೀಟರಿನ ನಲವತ್ತನೇ ಒಂದು ಪಾಲು. ದಪ್ಪ ಉಳಿದರೆ ಇನ್ನೊಮ್ಮೆ ಲೇತಿಗೆ ಹಾಕಿ ಸರಿಮಾಡಬಹುದು. ಸಣ್ಣದಾದರೆ ಮಾತ್ರ ಬೇರಿಂಗ್ ಸಡಿಲವಾಗಿ ಕೂತು ಶಾಫ್ಟಿನ ಮೇಲೆಯೇ ತಿರುಗಿ ಸವೆಯುತ್ತದೆ. ಅಂಥ ಶಾಫ್ಟನ್ನು ಸ್ಕ್ರ್ಯಾಪಿಗೆ ಹಾಕದೆ ದಾರಿಯಿಲ್ಲ.

ತಿಂಗಳ ಕೊನೆಗೆ ರಿಜೆಕ್ಷನ್ ರಾಶಿ ನೋಡಿ ಮಾಲೀಕರಿಗೆ ಸಿಟ್ಟು ಬರುತ್ತದೆ. ಸೂಪರ್‌ವೈಸರ್ ಆಪರೇಟರ್‌ಗಳನ್ನು ನಿಲ್ಲಿಸಿಕೊಂಡು ಬೈಯುತ್ತಾರೆ. "ಸಾರ್, ಒಂದೊಂದು ಜಾಬನ್ನೂ ಅಳೆದು ನೋಡೇ ಬಿಟ್ಟಿದ್ದೀನಿ" ಎಂದು ಆಪರೇಟರ್ ಅನ್ನುತ್ತಾನೆ. ಅವನು ಹೇಳುವುದು ನಿಜ. ತೊಂದರೆಯ ಬೇರು ಇರುವುದೂ ಆ ಮಾತಿನಲ್ಲಿಯೇ, ಆದರೆ ಅದು ಯಾರಿಗೂ ಕಾಣುವುದಿಲ್ಲ.

ಗೆರೆ ಎಳೆದುಕೊಳ್ಳುವುದು

ಈ ವಿಧಾನ ಬೆಳೆದದ್ದು ಅಮೆರಿಕದ ಮೊಟೊರೊಲಾ ಕಂಪನಿಯಲ್ಲಿ. 1980ರ ದಶಕದಲ್ಲಿ ಬಿಲ್ ಸ್ಮಿತ್ ಎಂಬ ಎಂಜಿನಿಯರ್ ಅಲ್ಲಿ ಶುರುಮಾಡಿದ ಸಿಕ್ಸ್ ಸಿಗ್ಮಾ ಕೆಲಸದಿಂದ ಹುಟ್ಟಿದ ಕ್ರಮ ಇದು. ಮೊದಲಿಗೆ ಮೆಷರ್, ಅನಲೈಸ್, ಇಂಪ್ರೂವ್, ಕಂಟ್ರೋಲ್ ಎಂಬ ನಾಲ್ಕೇ ಹಂತ ಇದ್ದವು. ಡಿಫೈನ್ ಎಂಬುದು ಆಮೇಲೆ ಮುಂದೆ ಬಂದು ಸೇರಿಕೊಂಡಿತು. 1995ರಿಂದ ಜನರಲ್ ಎಲೆಕ್ಟ್ರಿಕ್ ಇದನ್ನು ದೊಡ್ಡದಾಗಿ ಹಿಡಿದ ಮೇಲೆ ಎಲ್ಲರ ಬಾಯಿಗೂ ಬಂತು. 2011ರಲ್ಲಿ ಐಎಸ್‌ಒ 13053 ಎಂಬ ಅಂತಾರಾಷ್ಟ್ರೀಯ ಮಾನಕವಾಗಿ ಅಚ್ಚಾಯಿತು. ತಡವಾಗಿ ಸೇರಿದ ಆ ಮೊದಲ ಹಂತ ಬಹಳ ಜನಕ್ಕೆ ಬರೀ ಕಾಗದದ ಕೆಲಸ ಎನ್ನಿಸುತ್ತದೆ. ಸಣ್ಣ ಕಾರ್ಖಾನೆಯಲ್ಲಿ ಪ್ರಾಜೆಕ್ಟ್ ಮುರಿದುಬೀಳುವುದು ಹೆಚ್ಚಾಗಿ ಇದನ್ನು ಹಾರಿಸಿದಾಗಲೇ.

"ರಿಜೆಕ್ಷನ್ ಕಮ್ಮಿ ಮಾಡಬೇಕು" ಎಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ಭಾಗ, ಯಾವ ದೋಷ, ಈಗ ಎಷ್ಟು, ಯಾವಾಗಿನೊಳಗೆ ಎಷ್ಟಾಗಬೇಕು ಎಂಬುದು ಒಂದು ಹಾಳೆಯಲ್ಲಿ ಬರಬೇಕು. ನಮ್ಮ ಶೆಡ್ಡಿನವರು ಹಿಂದಿನ ತಿಂಗಳ ರಿಜೆಕ್ಷನ್ ಪುಸ್ತಕ ತೆರೆದರು. 3000 ಶಾಫ್ಟಿನಲ್ಲಿ 186 ತಿರಸ್ಕೃತ. ಅವುಗಳಲ್ಲಿ 26 ಥ್ರೆಡ್ಡಿನ ತೊಂದರೆಗೆ, 14 ಗೀರು, ಪೆಟ್ಟಿಗೆ, 8 ಚಿಲ್ಲರೆ ಕಾರಣಕ್ಕೆ. ಉಳಿದ 138, ಅಂದರೆ ನಾಲ್ಕರಲ್ಲಿ ಮೂರು ಪಾಲು, ಒಂದೇ ಕಾರಣಕ್ಕೆ: ಬೇರಿಂಗ್ ಜಾಗದ ವ್ಯಾಸ. ಆ 138ರಲ್ಲಿ 110 ಸಣ್ಣದಾದವು, 28 ದಪ್ಪ ಉಳಿದವು.

ಹೀಗಾಗಿ ಹಾಳೆಯ ಮೇಲೆ ಬಂದ ವಾಕ್ಯ ಇಷ್ಟು: ಪಂಪ್ ಶಾಫ್ಟಿನ ಬೇರಿಂಗ್ ಜಾಗದ ವ್ಯಾಸದ ರಿಜೆಕ್ಷನ್ ಈಗ ಶೇಕಡ 4.6 ಇದೆ, ನಾಲ್ಕು ತಿಂಗಳಲ್ಲಿ ಅದು ಶೇಕಡ 1ರ ಕೆಳಗೆ ಬರಬೇಕು. ಥ್ರೆಡ್ಡು, ಗೀರು ಈ ಪ್ರಾಜೆಕ್ಟಿನಲ್ಲಿ ಇಲ್ಲ. ಹಣದ ಲೆಕ್ಕವೂ ಜೊತೆಗೇ ಬಂತು. ಹಾಳಾದ ಒಂದು ಶಾಫ್ಟಿಗೆ ಉಕ್ಕು, ಕರೆಂಟು, ಕೂಲಿ ಸೇರಿ 340 ರೂಪಾಯಿ ಹೋಗಿ ಸ್ಕ್ರ್ಯಾಪಿನಲ್ಲಿ 60 ವಾಪಸ್ ಬಂದರೆ ನಷ್ಟ 280. ಅಂಥವು 110 ಆದರೆ ತಿಂಗಳಿಗೆ 30,800 ರೂಪಾಯಿ. ಆ ಹಾಳೆಯಲ್ಲಿ ಕಾರಣ ಯಾವುದೆಂದು ಒಂದು ಪದವನ್ನೂ ಬರೆಯಲಿಲ್ಲ ಎಂಬುದನ್ನು ಗಮನಿಸಿ. "ಆಪರೇಟರ್ ಅಜಾಗರೂಕತೆಯಿಂದ" ಎಂದು ಮೊದಲ ಹಾಳೆಯಲ್ಲೇ ಬರೆದುಬಿಟ್ಟಿದ್ದರೆ ಮುಂದಿನ ನಾಲ್ಕು ಹಂತಗಳಿಗೆ ಕೆಲಸವೇ ಇರುತ್ತಿರಲಿಲ್ಲ.

ಮೊದಲು ಅಳತೆಗೋಲನ್ನು ಅಳೆಯಿರಿ

ಎರಡನೆಯ ಹಂತ ಮೆಷರ್. ಇಲ್ಲಿ ಎಲ್ಲರಿಗೂ ಶಾಫ್ಟ್ ಅಳೆಯುವ ಆತುರ. ಆದರೆ ಅದಕ್ಕೂ ಮೊದಲು ಅಳೆಯುವ ಉಪಕರಣವನ್ನು, ಅಳೆಯುವ ಕೈಯನ್ನು ಪರೀಕ್ಷೆಗೆ ಹಚ್ಚಬೇಕು. ಇದಕ್ಕೆ ಗೇಜ್ ಆರ್ ಅಂಡ್ ಆರ್ ಎಂಬ ಪರೀಕ್ಷೆ ಇದೆ. ಹೆಸರು ಭಾರ, ಕೆಲಸ ಅರ್ಧ ದಿನದ್ದು. ಬೇರೆ ಬೇರೆ ದಿನ ತಯಾರಾದ ಹತ್ತು ಶಾಫ್ಟ್ ತೆಗೆದುಕೊಂಡು, ಅಳೆಯುವವನಿಗೆ ಗೊತ್ತಾಗದ ಹಾಗೆ ಒಳಗುರುತು ಹಾಕಿಡಬೇಕು. ಮೂವರು ಆಪರೇಟರ್‌ಗಳು ಒಬ್ಬರಾದ ಮೇಲೆ ಒಬ್ಬರು ಹತ್ತನ್ನೂ ಅಳೆಯಬೇಕು. ಆಮೇಲೆ ಶಾಫ್ಟುಗಳ ಕ್ರಮ ಕಲಸಿ, ಮೊದಲ ಸಲ ಬಂದ ಅಳತೆ ತೋರಿಸದೆ, ಇನ್ನೊಮ್ಮೆ ಅಳೆಸಬೇಕು. ಒಟ್ಟು 60 ಅಳತೆ. ಒಂದೇ ಶಾಫ್ಟಿಗೆ ಒಬ್ಬನೇ ಎರಡು ಸಲ ಬೇರೆ ಬೇರೆ ಅಂಕಿ ಹೇಳಿದರೆ ಅದು ಒಂದು ಬಗೆಯ ತಪ್ಪು, ಒಬ್ಬೊಬ್ಬರು ಒಂದೊಂದು ಅಂಕಿ ಹೇಳಿದರೆ ಇನ್ನೊಂದು ಬಗೆ. ಎರಡನ್ನೂ ಕೂಡಿಸಿದಾಗ ಬರುವ ಹರವು, ಡ್ರಾಯಿಂಗ್ ಕೊಟ್ಟ 25 ಮೈಕ್ರಾನಿನಲ್ಲಿ ಎಷ್ಟು ಪಾಲನ್ನು ತಿಂದುಹಾಕುತ್ತದೆ ಎಂಬುದೇ ಪರೀಕ್ಷೆಯ ಫಲಿತಾಂಶ. ಶೇಕಡ 10ರೊಳಗಿದ್ದರೆ ನಿಶ್ಚಿಂತೆ, 10ರಿಂದ 30ರವರೆಗೆ ಕೆಲಸ ನೋಡಿಕೊಂಡು ಒಪ್ಪಬಹುದು, 30 ದಾಟಿದರೆ ಆ ಅಳತೆಯನ್ನು ನಂಬಿ ಏನನ್ನೂ ತೀರ್ಮಾನಿಸಬಾರದು. ವಾಹನ ಉದ್ಯಮ ಹಾಕಿಕೊಟ್ಟ ಈ ಗೆರೆಗಳನ್ನೇ ಈಗ ಬಹುತೇಕ ಎಲ್ಲರೂ ಬಳಸುತ್ತಾರೆ.

ನಮ್ಮ ಶೆಡ್ಡಿನಲ್ಲಿ ಬಂದದ್ದು ಶೇಕಡ 60. 25 ಮೈಕ್ರಾನಿನಲ್ಲಿ 15 ಮೈಕ್ರಾನ್ ಅಳತೆಯ ಗೊಂದಲಕ್ಕೇ ಹೋಗುತ್ತಿತ್ತು. ಕಾರಣ ಹುಡುಕಲು ಕಷ್ಟಪಡಬೇಕಾಗಿರಲಿಲ್ಲ. ಅವರ ಮೈಕ್ರೋಮೀಟರಿನಲ್ಲಿ ಓದಬಹುದಾದ ಅತಿ ಚಿಕ್ಕ ಗೆರೆಯೇ 0.01 ಮಿಲಿಮೀಟರ್, ಅಂದರೆ 10 ಮೈಕ್ರಾನ್. ಎರಡು ಗೆರೆಗಳ ನಡುವೆ ಮುಳ್ಳು ನಿಂತಾಗ ಒಬ್ಬ 3 ಅಂದರೆ ಇನ್ನೊಬ್ಬ 7 ಅನ್ನುತ್ತಾನೆ. ಒಬ್ಬ ತಿರುಪನ್ನು ಬಿಗಿಯಾಗಿ ಒತ್ತುತ್ತಾನೆ, ಇನ್ನೊಬ್ಬ ರ‍್ಯಾಚೆಟ್ ಕಟಕಟ ಅನ್ನುವವರೆಗೆ ಮಾತ್ರ ತಿರುಗಿಸುತ್ತಾನೆ. ಅನುಮತಿಸಿದ ಅಂತರದ ಹತ್ತನೇ ಒಂದು ಪಾಲನ್ನಾದರೂ ಉಪಕರಣ ಓದಬೇಕು ಎಂಬುದು ಅಳತೆಯ ಹಳೆಯ ನಿಯಮ. ಇಲ್ಲಿ ಎರಡೂವರೆ ಮೈಕ್ರಾನ್ ಓದುವ ಉಪಕರಣ ಬೇಕಿತ್ತು.

ಒಂದು ಮೈಕ್ರಾನ್ ಓದುವ ಡಿಜಿಟಲ್ ಮೈಕ್ರೋಮೀಟರ್ ಎರಡು ಬಂದವು. ಜೊತೆಗೆ ಸರಿಯಾಗಿ 40 ಮಿಲಿಮೀಟರ್ ಎಂದು ಪ್ರಮಾಣೀಕರಿಸಿದ ಉಕ್ಕಿನ ಮಾಸ್ಟರ್ ಒಂದು ಬಂತು, ಮೈಕ್ರೋಮೀಟರನ್ನು ಆಗಾಗ ಅದಕ್ಕೆ ಹಿಡಿದು ಹೊಂದಿಸಿಕೊಳ್ಳುವುದಕ್ಕೆ. ರ‍್ಯಾಚೆಟ್ ಬಳಸಿಯೇ ಅಳೆಯುವ ಅಭ್ಯಾಸ ಮಾಡಿಸಿದರು. ಪರೀಕ್ಷೆ ಮತ್ತೆ ಮಾಡಿದಾಗ ಶೇಕಡ 14 ಬಂತು. ಹಳೇ ರಿಜೆಕ್ಷನ್ ರಾಶಿಯಿಂದ 40 ಶಾಫ್ಟ್ ತೆಗೆದು ಹೊಸದರಲ್ಲಿ ಅಳೆದರೆ 4 ಚೆನ್ನಾಗಿಯೇ ಇದ್ದವು. ಪಾಸಾಗಿ ಪ್ಯಾಕಿಂಗಿಗೆ ಹೋಗಲಿದ್ದ 40ರಲ್ಲಿ ಒಂದು ಸಣ್ಣದಿತ್ತು. ಮೊದಲನೆಯದು ಮಾಲೀಕರ ನಷ್ಟ, ಎರಡನೆಯದು ಗ್ರಾಹಕನ ನಷ್ಟ. ಎರಡಕ್ಕೂ ಆಪರೇಟರ್ ಬೈಸಿಕೊಂಡಿದ್ದ.

ಈಗ ಶಾಫ್ಟುಗಳನ್ನು ಅಳೆಯಬಹುದು. ಹತ್ತು ದಿನಗಳಲ್ಲಿ, ಎರಡೂ ಪಾಳಿಯಿಂದ, 125 ಶಾಫ್ಟುಗಳನ್ನು ಒಂದು ರಾತ್ರಿ ಇಟ್ಟು ಅಳೆದರು. ಸರಾಸರಿ 39.986 ಬಂತು. ನಡುಮಧ್ಯ 39.9875 ಆದ್ದರಿಂದ ಸರಾಸರಿಯಲ್ಲಿ ದೊಡ್ಡ ತಪ್ಪೇನಿಲ್ಲ. ತೊಂದರೆ ಇದ್ದದ್ದು ಹರವಿನಲ್ಲಿ. ಸಿಗ್ಮಾ ಎಂದು ಕರೆಯುವ ಹರವಿನ ಅಳತೆ 6 ಮೈಕ್ರಾನ್ ಬಂತು. ಸಾಮಾನ್ಯವಾಗಿ ಎಲ್ಲ ಜಾಬುಗಳೂ ಸರಾಸರಿಯ ಆಚೆ ಈಚೆ ಮೂರು ಮೂರು ಸಿಗ್ಮಾದೊಳಗೆ ಬೀಳುತ್ತವೆ, ಅಂದರೆ ಅವಕ್ಕೆ ಬೇಕಾದ ಜಾಗ 36 ಮೈಕ್ರಾನ್. ಡ್ರಾಯಿಂಗ್ ಕೊಡುವುದು 25. ಇಪ್ಪತ್ತೈದನ್ನು ಮೂವತ್ತಾರರಿಂದ ಭಾಗಿಸಿದರೆ 0.69, ಇದಕ್ಕೆ ಪಿಪಿ ಎನ್ನುತ್ತಾರೆ. ಸರಾಸರಿ ಯಾವ ಅಂಚಿಗೆ ಹತ್ತಿರವಿದೆಯೋ ಆ ಕಡೆಯದನ್ನಷ್ಟೇ ಲೆಕ್ಕ ಹಾಕಿದರೆ 11 ಭಾಗಿಸು 18, ಅಂದರೆ 0.61, ಇದು ಪಿಪಿಕೆ. ಗ್ರಾಹಕರು ಸಾಮಾನ್ಯವಾಗಿ ಕೇಳುವುದು 1.33. ಸಿಕ್ಸ್ ಸಿಗ್ಮಾದವರ ಅಳತೆಗೋಲಿನಲ್ಲಿ, ಹತ್ತು ಲಕ್ಷಕ್ಕೆ 46,000 ದೋಷ ಎಂದರೆ ಸುಮಾರು 3.2 ಸಿಗ್ಮಾ ಮಟ್ಟ. ಅವರು ಕನಸು ಕಾಣುವ ಆರಕ್ಕೆ ಹತ್ತು ಲಕ್ಷಕ್ಕೆ 3.4 ದೋಷ ಮಾತ್ರ. ಸಣ್ಣ ಶೆಡ್ಡಿಗೆ ಈ ಕೊನೆಯ ಅಂಕಿಯಿಂದ ಹೆಚ್ಚು ಪ್ರಯೋಜನ ಇಲ್ಲ ಎಂಬುದು ನನ್ನ ಅಭಿಪ್ರಾಯ. ಪಿಪಿಕೆ ಒಂದನ್ನು ಅರ್ಥಮಾಡಿಕೊಂಡರೆ ಸಾಕು.

ದೋಷ ಮನುಷ್ಯನ ಹಿಂದೆಯೋ, ಗಡಿಯಾರದ ಹಿಂದೆಯೋ

ಅನಲೈಸ್ ಹಂತದಲ್ಲಿ ಎಲ್ಲರನ್ನೂ ಕೂರಿಸಿ ಅನುಮಾನಗಳ ಪಟ್ಟಿ ಮಾಡುತ್ತಾರೆ. ಉಕ್ಕು ಸರಿಯಿಲ್ಲ, ಇನ್ಸರ್ಟ್ ಬೇಗ ಸವೆಯುತ್ತದೆ, ಚಕ್ ಸಡಿಲ, ಎರಡನೇ ಪಾಳಿಯ ಹುಡುಗ ಹೊಸಬ, ಹೀಗೆ. ಮೀನಿನ ಮುಳ್ಳಿನ ಚಿತ್ರ ಬರೆದು ಗೋಡೆಗೆ ಅಂಟಿಸಿ ಅಲ್ಲಿಗೇ ಮುಗಿಸುವವರೂ ಇದ್ದಾರೆ. ಚಿತ್ರದಿಂದ ಸಿಗುವುದು ಅನುಮಾನಗಳು ಮಾತ್ರ, ಕಾರಣ ಸಿಗುವುದಿಲ್ಲ. ಒಂದೊಂದು ಅನುಮಾನಕ್ಕೂ "ಇದು ನಿಜವಾದರೆ ಅಂಕಿಯಲ್ಲಿ ಏನು ಕಾಣಬೇಕು?" ಎಂದು ಕೇಳಿಕೊಳ್ಳಬೇಕು.

ಅಲ್ಲಿಯವರೆಗೆ ಯಾವ ಶಾಫ್ಟ್ ಎಷ್ಟು ಹೊತ್ತಿಗೆ ಆಯಿತು ಎಂಬ ದಾಖಲೆಯೇ ಇರಲಿಲ್ಲ, ಮರುದಿನ ಬೆಳಿಗ್ಗೆ ಎಲ್ಲವೂ ಒಂದೇ ರಾಶಿ. ಎರಡು ವಾರ ಪ್ರತಿ ಶಾಫ್ಟಿನ ತುದಿಗೂ ಮಾರ್ಕರಿನಲ್ಲಿ ಗಂಟೆ ಬರೆಯಲು ಹೇಳಿದರು. ಈ ಒಂದು ಮಾರ್ಕರು ಇಡೀ ಪ್ರಾಜೆಕ್ಟಿನ ದಿಕ್ಕು ತಿರುಗಿಸಿತು. 1400 ಶಾಫ್ಟಿನಲ್ಲಿ 52 ಸಣ್ಣದಾಗಿದ್ದವು. ಮಧ್ಯಾಹ್ನ 12ರಿಂದ ಸಂಜೆ 6ರ ನಡುವೆ ತಯಾರಾದ 520ರಲ್ಲಿ 38, ಅಂದರೆ ಶೇಕಡ 7.3. ಉಳಿದ ಹೊತ್ತಿನ 880ರಲ್ಲಿ 14, ಶೇಕಡ 1.6. ಪಾಳಿ ಬದಲಾಗುವುದು 2 ಗಂಟೆಗೆ. ಅದಕ್ಕೆ ಮುಂಚಿನ ಎರಡು ಗಂಟೆ ಹಳೇ ಕೈ, ಆಮೇಲಿನ ನಾಲ್ಕು ಗಂಟೆ ಹೊಸ ಕೈ. ಇಬ್ಬರ ಕೈಯಲ್ಲೂ ಸಣ್ಣದಾಗುತ್ತಿದ್ದವು. ಉಕ್ಕಿನ ಎರಡು ಲಾಟ್‌ಗಳನ್ನು ಹೋಲಿಸಿದಾಗ 3.6 ಮತ್ತು 3.8 ಬಂತು, ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ದೋಷ ಮನುಷ್ಯನನ್ನು ಹಿಂಬಾಲಿಸುತ್ತಿರಲಿಲ್ಲ, ಗಡಿಯಾರವನ್ನು ಹಿಂಬಾಲಿಸುತ್ತಿತ್ತು.

ಮಧ್ಯಾಹ್ನ ಬದಲಾಗುವುದು ಏನು? ತಗಡಿನ ಮಾಡು ಕಾಯುತ್ತದೆ, ಬೆಳಗಿನಿಂದ ಸುತ್ತಿದ ಕೂಲಂಟ್ ಬಿಸಿಯಾಗಿ ಟ್ಯಾಂಕಿನಲ್ಲಿ ಮಟ್ಟ ಇಳಿದಿರುತ್ತದೆ, ಶಾಫ್ಟ್ ಹೊರಬರುವಾಗ ಕೈಗೆ ಬೆಚ್ಚಗೆ ತಾಗುತ್ತದೆ. ಉಕ್ಕು ಬಿಸಿಯಾದರೆ ಹಿಗ್ಗುತ್ತದೆ ಎಂಬುದು ಶಾಲೆಯ ಪಾಠ. ಎಷ್ಟು ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕಿ ನೋಡಿರಲಿಲ್ಲ. ಸಾಮಾನ್ಯ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು ಹನ್ನೊಂದೂವರೆ ಪಾಲು ಹಿಗ್ಗುತ್ತದೆ. 40 ಮಿಲಿಮೀಟರಿಗೆ ಅದು ಡಿಗ್ರಿಗೆ 0.46 ಮೈಕ್ರಾನ್. ಬೆಳಿಗ್ಗೆ ಶಾಫ್ಟ್ ಕೋಣೆಗಿಂತ 4 ಡಿಗ್ರಿ ಬಿಸಿ ಇದ್ದರೆ 2 ಮೈಕ್ರಾನ್ ದಪ್ಪ ಕಾಣುತ್ತದೆ. ಮಧ್ಯಾಹ್ನ 15 ಡಿಗ್ರಿ ಬಿಸಿ ಇದ್ದರೆ 7 ಮೈಕ್ರಾನ್. ಅನುಮತಿಸಿದ ಜಾಗದ ಕಾಲು ಭಾಗಕ್ಕಿಂತ ಹೆಚ್ಚು!

ಈಗ ಆಪರೇಟರನ ಜಾಗದಲ್ಲಿ ನಿಂತು ನೋಡಿ. ಶಾಫ್ಟ್ ತೆಗೆದ ಕೂಡಲೇ ಅಳೆಯುತ್ತಾನೆ. 39.995 ತೋರಿಸುತ್ತದೆ, ನಡುಮಧ್ಯಕ್ಕಿಂತ 7 ಮೈಕ್ರಾನ್ ದಪ್ಪ. ಜವಾಬ್ದಾರಿಯುಳ್ಳವನು, ಆಫ್‌ಸೆಟ್ ಒತ್ತಿ ಮುಂದಿನ ಜಾಬಿಗೆ 7 ಮೈಕ್ರಾನ್ ಹೆಚ್ಚು ಕತ್ತರಿಸಲು ಹೇಳುತ್ತಾನೆ. ಆದರೆ ತಣಿದ ಮೇಲೆ ಆ ಶಾಫ್ಟ್ 39.988 ಇರುತ್ತಿತ್ತು, ಮುಟ್ಟಬೇಕಾದ ಅಗತ್ಯವೇ ಇರಲಿಲ್ಲ. ಮುಂದಿನದು ತಣಿದಾಗ 39.981ರ ಸುತ್ತ ನಿಲ್ಲುತ್ತದೆ. ಅಲ್ಲಿಂದ ಸಹಜ ಏರಿಳಿತದ ಒಂದು ಸಣ್ಣ ತಳ್ಳು ಸಾಕು, ಕೆಳಗಿನ ಅಂಚು ದಾಟಿ ಸ್ಕ್ರ್ಯಾಪ್. ಇದು ಊಹೆಯಾಗಿ ಉಳಿಯಬಾರದೆಂದು 30 ಶಾಫ್ಟುಗಳನ್ನು ಹೊರಬಂದ ಕ್ಷಣದಲ್ಲಿ ಒಮ್ಮೆ, ಮರುದಿನ ಒಮ್ಮೆ ಅಳೆದರು. ಬೆಳಗಿನವು ಸರಾಸರಿ 2, ಮಧ್ಯಾಹ್ನದವು ಸರಾಸರಿ 7 ಮೈಕ್ರಾನ್ ಕುಗ್ಗಿದ್ದವು. ಲೆಕ್ಕವೂ ಅಳತೆಯೂ ಒಂದೇ ಮಾತು ಹೇಳಿದವು.

ಎರಡನೆಯ ಕಾರಣ ಇದಕ್ಕೆ ಅಂಟಿಕೊಂಡೇ ಇತ್ತು. ಒಂದು ವಾರ ಒಂದು ಲೇತಿನಲ್ಲಿ ಆಫ್‌ಸೆಟ್ ಮುಟ್ಟಿದಾಗಲೆಲ್ಲ ಬರೆದಿಡಲು ಹೇಳಿದರೆ, 350 ಜಾಬಿಗೆ 190 ಸಲ ಮುಟ್ಟಿದ್ದರು. ಈಗ ನಾಲ್ಕು ಕಮ್ಮಿ, ಮುಂದಿನದಕ್ಕೆ ನಾಲ್ಕು ಜಾಸ್ತಿ. ಪ್ರತಿ ಯಂತ್ರಕ್ಕೂ ತನ್ನದೇ ಸಹಜ ಏರಿಳಿತ ಇರುತ್ತದೆ. ಅದರ ಹಿಂದೆ ಓಡಿ ಪ್ರತಿಯೊಂದನ್ನೂ ಸರಿಪಡಿಸಹೊರಟರೆ ಏರಿಳಿತ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಗುಣಮಟ್ಟದ ಗುರು ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ತಮ್ಮ ತರಗತಿಗಳಲ್ಲಿ ಇದನ್ನು ಆಲಿಕೆಯೊಂದರಿಂದ ಗೋಲಿ ಬೀಳಿಸಿ ತೋರಿಸುತ್ತಿದ್ದರು. ಆಲಿಕೆಯನ್ನು ಒಂದೇ ಕಡೆ ಹಿಡಿದರೆ ಗೋಲಿಗಳು ಗುರಿಯ ಸುತ್ತ ಒತ್ತಾಗಿ ಬೀಳುತ್ತವೆ. ಗೋಲಿ ಎಷ್ಟು ಆಚೆ ಬಿತ್ತೋ ಅಷ್ಟು ಆಲಿಕೆಯನ್ನು ಈಚೆ ಸರಿಸುತ್ತ ಹೋದರೆ ಹರಡಿಕೊಳ್ಳುತ್ತವೆ. ಲೆಕ್ಕದ ಪ್ರಕಾರ ಸ್ಥಿರವಾಗಿರುವ ಯಂತ್ರವನ್ನು ಹೀಗೆ ಪ್ರತಿಸಲ ತಿದ್ದಿದರೆ ಸಿಗ್ಮಾ ಸುಮಾರು ಶೇಕಡ 41ರಷ್ಟು ಉಬ್ಬುತ್ತದೆ.

ಹಾಗೆಂದು ಆಫ್‌ಸೆಟ್ ಮುಟ್ಟಲೇಬಾರದು ಎಂದಲ್ಲ. ಇನ್ಸರ್ಟ್ ಸವೆದಂತೆ ಅದರ ಅಂಚು ಹಿಂದೆ ಸರಿಯುತ್ತದೆ, ಶಾಫ್ಟ್ ಸ್ವಲ್ಪಸ್ವಲ್ಪವೇ ದಪ್ಪವಾಗುತ್ತದೆ. ಒಂದು ಹೊಸ ಅಂಚಿನಲ್ಲಿ ಆಫ್‌ಸೆಟ್ ಮುಟ್ಟದೆ 40 ಜಾಬ್ ಓಡಿಸಿ ತಣಿಸಿ ಅಳೆದರೆ 8 ಮೈಕ್ರಾನ್ ಏರಿತ್ತು, ಐದು ಜಾಬಿಗೆ ಒಂದರಂತೆ. ಇದು ಮೊದಲೇ ಗೊತ್ತಿರುವ ಏರಿಕೆ, ಅಳೆದು ಬೆಚ್ಚಿಬಿದ್ದು ತಿದ್ದಬೇಕಾದದ್ದಲ್ಲ.

ಒಂದು ಡ್ರಮ್ಮು, ಒಂದು ಹಸಿರು ಪಟ್ಟಿ

ಇಂಪ್ರೂವ್ ಹಂತಕ್ಕೆ ಬಂದಾಗ ಮಾಲೀಕರು ಮೊದಲು ಕೇಳಿದ್ದು "ಹಾಗಾದರೆ ಎಸಿ ಹಾಕಿಸಬೇಕೇ?" ಎಂದು. ಅಳತೆಗೆ ಜಗತ್ತು ಒಪ್ಪಿರುವ ಉಷ್ಣಾಂಶ 20 ಡಿಗ್ರಿ, ನಿಜ. ಡ್ರಾಯಿಂಗಿನ ಪ್ರತಿ ಅಂಕಿಯೂ ಆ ಉಷ್ಣಾಂಶದ್ದೇ. ಆದರೆ ತಗಡಿನ ಶೆಡ್ಡನ್ನು 20 ಡಿಗ್ರಿಗೆ ತರುವ ಅಗತ್ಯ ಇಲ್ಲ. ಮಾಸ್ಟರ್ ಉಕ್ಕಿನದು, ಶಾಫ್ಟೂ ಉಕ್ಕಿನದು. ಎರಡೂ ಒಂದೇ ಉಷ್ಣಾಂಶದಲ್ಲಿದ್ದರೆ ಎರಡೂ ಒಂದೇ ಸಮ ಹಿಗ್ಗಿರುತ್ತವೆ. ಮಾಸ್ಟರಿಗೆ ಹೊಂದಿಸಿದ ಮೈಕ್ರೋಮೀಟರು 32 ಡಿಗ್ರಿಯಲ್ಲೂ ಸರಿಯಾದ ಉತ್ತರವನ್ನೇ ಕೊಡುತ್ತದೆ. ಬೇಕಾದದ್ದು ತಂಪಲ್ಲ, ಸಮಾನ ಉಷ್ಣಾಂಶ.

ಶಾಫ್ಟನ್ನು ರ‍್ಯಾಕಿನ ಮೇಲೆ ಇಟ್ಟು ತಣಿಸೋಣ ಎಂದರು ಕೆಲವರು. ಈ ಗಾತ್ರದ ಉಕ್ಕು ನಿಂತ ಗಾಳಿಯಲ್ಲಿ ಕೋಣೆಯ ಮಟ್ಟಕ್ಕೆ ಬರಲು ಎರಡು ಗಂಟೆಗೂ ಹೆಚ್ಚು ಬೇಕು. ಅಷ್ಟು ಹೊತ್ತಿಗೆ ಇನ್ನೂ ಎಂಟು ಜಾಬ್ ಆಗಿಹೋಗಿರುತ್ತವೆ. ದ್ರವದಲ್ಲಿ ಮುಳುಗಿಸಿದರೆ ಹತ್ತು ನಿಮಿಷ ಸಾಕು. 200 ಲೀಟರಿನ ಡ್ರಮ್ಮೊಂದನ್ನು ಅರ್ಧಕ್ಕೆ ಕತ್ತರಿಸಿ, ತುಕ್ಕು ಹಿಡಿಯದ ಹಾಗೆ ಕೂಲಂಟ್ ಬೆರೆಸಿದ ನೀರು ತುಂಬಿ, ಲೇತಿನ ಪಕ್ಕ ನೆರಳಿನಲ್ಲಿಟ್ಟರು. ಮಾಸ್ಟರಿಗೂ ಅದರ ಪಕ್ಕದಲ್ಲೇ ಜಾಗ. ಹೊರಬಂದ ಶಾಫ್ಟ್ ಡ್ರಮ್ಮಿಗೆ ಹೋಗುತ್ತದೆ. ಆಪರೇಟರ್ ಅಳೆಯುವುದು ಅದಕ್ಕೆ ಹಿಂದಿನದನ್ನು, ಒರೆಸಿ.

ಆಫ್‌ಸೆಟ್ಟಿಗೂ ನಿಯಮ ಬಂತು. ಐದು ಜಾಬಿಗೆ ಒಂದನ್ನು ಅಳೆಯುವುದು. ಅನುಮತಿಸಿದ ಜಾಗದ ನಡುವಿನ ಅರ್ಧ, ಅಂದರೆ 39.981ರಿಂದ 39.994ರವರೆಗೆ, ಹಸಿರು. ಹಸಿರಿನಲ್ಲಿದ್ದರೆ ಕೈ ಹಚ್ಚುವಂತಿಲ್ಲ. ಆಚೆ ಬಂದರೆ ಕೂಡಲೇ ಮುಂದಿನದನ್ನೂ ಅಳೆದು, ಎರಡೂ ಒಂದೇ ಕಡೆ ಬಿದ್ದರೆ ಮಾತ್ರ ತಿದ್ದುವುದು. ಸವೆತಕ್ಕೆಂದು ಪ್ರತಿ 15 ಜಾಬಿಗೆ 3 ಮೈಕ್ರಾನ್ ತಾನಾಗಿ ಇಳಿಸುವುದು, 45 ಜಾಬಿಗೆ ಅಂಚು ಬದಲಿಸುವುದು. ಒಟ್ಟು ಖರ್ಚು, ಎರಡು ಮೈಕ್ರೋಮೀಟರ್, ಮಾಸ್ಟರ್, ಡ್ರಮ್ಮು ಸೇರಿ, ಸುಮಾರು 30,000 ರೂಪಾಯಿ.

ಎಲ್ಲ ಕಡೆ ಜಾರಿಮಾಡುವ ಮುಂಚೆ ಒಂದೇ ಲೇತಿನಲ್ಲಿ ಒಂದು ವಾರ ಪ್ರಯೋಗ ಮಾಡಿದರು. ಪಕ್ಕದ ಲೇತ್ ಹಳೇ ಪದ್ಧತಿಯಲ್ಲೇ ಓಡಿತು. ಅದೇ ವಾರ, ಅದೇ ಬಿಸಿಲು, ಅದೇ ಉಕ್ಕು. ಹೊಸ ಪದ್ಧತಿಯ 350ರಲ್ಲಿ 3 ಹೋದವು, ಹಳೆಯದರ 350ರಲ್ಲಿ 15. ಇಷ್ಟು ಅಂತರ ಆಕಸ್ಮಿಕವಾಗಿ ಬರುವುದು ನೂರರಲ್ಲಿ ಒಂದಕ್ಕಿಂತಲೂ ಕಮ್ಮಿ. ಹೀಗೆ ಪಕ್ಕಪಕ್ಕದಲ್ಲಿ ಓಡಿಸಿ ನೋಡದೆ, ಜೂನಿನಲ್ಲಿ ಮಳೆ ಬಂದು ಶೆಡ್ಡು ತಂಪಾದಾಗ "ನಮ್ಮ ಸುಧಾರಣೆ ಕೆಲಸ ಮಾಡಿತು" ಎಂದು ಬೀಗುವ ಪ್ರಾಜೆಕ್ಟುಗಳಿಗೇನೂ ಕಮ್ಮಿಯಿಲ್ಲ.

ಚುಕ್ಕೆಗಳ ಕಾವಲು

ಕೊನೆಯ ಹಂತ ಕಂಟ್ರೋಲ್. ಗಳಿಸಿದ್ದು ಜಾರಿಹೋಗದಂತೆ ನೋಡಿಕೊಳ್ಳುವುದು. ಇದರ ಮುಖ್ಯ ಸಾಧನ ನಿಯಂತ್ರಣ ನಕ್ಷೆ. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಮೊದಲ ಬಾರಿಗೆ ಬರೆದು ತೋರಿಸಿದ್ದು. ಆತ 1947-48ರಲ್ಲಿ ಭಾರತಕ್ಕೂ ಬಂದು ಇಲ್ಲಿನ ಕಾರ್ಖಾನೆಗಳವರಿಗೆ ಪಾಠ ಹೇಳಿ ಹೋದ. ಮುಂದೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು ಬೆಂಗಳೂರಿನಲ್ಲೂ ಒಂದು ಗುಣಮಟ್ಟ ಘಟಕ ತೆರೆದರು.

ನಮ್ಮ ಶೆಡ್ಡಿನ ನಕ್ಷೆ ಎಂದರೆ ಲೇತಿನ ಪಕ್ಕ ನೇತುಹಾಕಿದ ಒಂದು ಹಾಳೆ. ಅಳೆದ ಪ್ರತಿ ಶಾಫ್ಟಿಗೂ ಒಂದು ಚುಕ್ಕೆ. ನಡುವೆ ಸರಾಸರಿಯ ಗೆರೆ, ಮೇಲೆ 39.997, ಕೆಳಗೆ 39.977. ಈ ಎರಡು ಗೆರೆಗಳು ಡ್ರಾಯಿಂಗಿನಿಂದ ಬಂದವಲ್ಲ, ಯಂತ್ರದ ಸ್ವಂತ ಏರಿಳಿತದಿಂದ ಲೆಕ್ಕ ಹಾಕಿದವು. ಬಹಳ ಕಡೆ ಡ್ರಾಯಿಂಗಿನ ಅಂಚುಗಳನ್ನೇ ಎಳೆದುಬಿಡುತ್ತಾರೆ. ಆಗ ನಕ್ಷೆ ಜಾಬ್ ಹಾಳಾದ ಮೇಲೆ ಸುದ್ದಿ ಹೇಳುತ್ತದೆಯೇ ಹೊರತು ಮುನ್ಸೂಚನೆ ಕೊಡುವುದಿಲ್ಲ. ಚುಕ್ಕೆ ಗೆರೆ ದಾಟಿದರೆ, ಅಥವಾ ಸತತ ಎಂಟು ಚುಕ್ಕೆಗಳು ಸರಾಸರಿಯ ಒಂದೇ ಬದಿಗೆ ಬಿದ್ದರೆ, ಏನೋ ಬದಲಾಗಿದೆ ಎಂದರ್ಥ.

ಎರಡನೇ ತಿಂಗಳಲ್ಲಿ ಒಂದು ಸಂಜೆ ಚುಕ್ಕೆ ಮೇಲಿನ ಗೆರೆ ದಾಟಿತು. ಹಾಳೆಯ ಅಂಚಿನಲ್ಲಿ ಆಪರೇಟರ್ ಬರೆದಿದ್ದ: "ಒಂದು ಗಂಟೆ ಕರೆಂಟ್ ಇರಲಿಲ್ಲ." ಲೇತ್ ನಿಂತು ತಣಿದು, ಮತ್ತೆ ಶುರುವಾದಾಗ ಸ್ಪಿಂಡಲ್ ಕಾಯುವವರೆಗೆ ಅದರ ಸ್ಥಾನವೇ ಕೆಲವು ಮೈಕ್ರಾನ್ ಆಚೀಚೆ ಇರುತ್ತದೆ. ಅರ್ಧ ಗಂಟೆಗಿಂತ ಹೆಚ್ಚು ನಿಂತರೆ 15 ನಿಮಿಷ ಖಾಲಿ ಓಡಿಸಿ ಆಮೇಲೆ ಜಾಬ್ ಹಚ್ಚುವುದು ಎಂಬ ಸಾಲು ನಿಯಮದ ಹಾಳೆಗೆ ಸೇರಿತು. ನಕ್ಷೆ ಇಲ್ಲದಿದ್ದರೆ ಇದು ಇನ್ನೊಂದು "ಅಜಾಗರೂಕತೆ" ಆಗಿ ಹೋಗುತ್ತಿತ್ತು.

ಮೂರು ತಿಂಗಳ ಲೆಕ್ಕ ನೋಡೋಣ. 9000 ಶಾಫ್ಟಿನಲ್ಲಿ ವ್ಯಾಸದ ದೋಷಕ್ಕೆ ಹೋದವು 45, ಶೇಕಡ ಅರ್ಧ. ಗುರಿ 1 ಇತ್ತು. ಸಿಗ್ಮಾ 6ರಿಂದ 4.3 ಮೈಕ್ರಾನಿಗೆ ಇಳಿಯಿತು, ಸರಾಸರಿ 39.987ಕ್ಕೆ ಬಂತು, ಪಿಪಿಕೆ 0.61ರಿಂದ 0.93ಕ್ಕೆ ಏರಿತು. ಸಣ್ಣದಾಗಿ ಸ್ಕ್ರ್ಯಾಪಿಗೆ ಹೋಗುವವು ತಿಂಗಳಿಗೆ 110ರಿಂದ ಹತ್ತಕ್ಕೆ ಇಳಿದು 28,000 ರೂಪಾಯಿ ಉಳಿಯಿತು. ಹಾಕಿದ ದುಡ್ಡು ಐದು ವಾರದೊಳಗೆ ವಾಪಸ್ ಬಂತು. ಆದರೆ 1.33 ಇನ್ನೂ ದೂರವೇ ಇದೆ, ಅದನ್ನು ಮುಚ್ಚಿಡಬಾರದು. ಉಳಿದ ಹರವಿನಲ್ಲಿ ಬಹುಪಾಲು ಆ ಲೇತಿನ ಸ್ವಂತದ್ದು. ಅದನ್ನು ಇಳಿಸಬೇಕೆಂದರೆ ಬೇರಿಂಗ್ ಜಾಗವನ್ನು ಗ್ರೈಂಡಿಂಗಿಗೆ ಹಾಕಬೇಕು, ಅದು ಬೇರೆಯೇ ಬಂಡವಾಳದ ಮಾತು.

ದೊಡ್ಡ ತರಬೇತಿ, ಕರಿಪಟ್ಟಿ ಹಸಿರುಪಟ್ಟಿಗಳ ಸರ್ಟಿಫಿಕೇಟು, ದುಬಾರಿ ಸಾಫ್ಟ್‌ವೇರು ಯಾವುದೂ ಇಲ್ಲದೆ ಇಷ್ಟು ನಡೆಯುತ್ತದೆ. ನಿಮ್ಮ ಶೆಡ್ಡಿನಲ್ಲೂ ಇಂಥ ರಾಶಿ ಬೆಳೆಯುತ್ತಿದ್ದರೆ, ಯಾರನ್ನಾದರೂ ಬೈಯುವ ಮುಂಚೆ ಹತ್ತು ಜಾಬ್ ತೆಗೆದು, ಚೆನ್ನಾಗಿ ತಣಿಸಿ, ಮೂವರ ಕೈಯಲ್ಲಿ ಎರಡೆರಡು ಸಲ ಅಳೆಸಿ ನೋಡಿ. ಅದಕ್ಕೆ ಬೇಕಾದದ್ದು ಒಂದು ಹಾಳೆ ಮತ್ತು ಅರ್ಧ ದಿನ.